ಅಲಮೇಲುವಿನ ಸಾಲು

ನಮ್ಮ ಊರಿನಲ್ಲಿ ಪ್ರತಿಯೊಬ್ಬರ ತಲೆಯ ಮೇಲೂ ಒಂದು ಗೇಣು ಎತ್ತರದಲ್ಲಿ ಒಂದು ಸಾಲು ನಿಂತಿರುತ್ತದೆ. ಅವರವರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದು. ಪೇಟೆ ಬೀದಿಯ ಸಾಲುಮನೆಗೆ ಹೋಗಿ ಅಲ್ಲಿನ ಯಂತ್ರದಲ್ಲಿ ಬೆರಳಿಟ್ಟು ಒತ್ತಿದರೆ ಮನೆಗೆ ಬರುವಷ್ಟರಲ್ಲಿ ಸಾಲು ಬದಲಾಗಿರುತ್ತದೆ. ಬದುಕಿರುವವರು ಎಷ್ಟು ಸಲ ಬೇಕಾದರೂ ಬದಲಿಸಿಕೊಳ್ಳಬಹುದು. ತನ್ನ ಸಾಲು ಮಾತ್ರ ತನಗೆ ಕಾಣುವುದಿಲ್ಲ. ಕನ್ನಡಿಯಲ್ಲೂ ಕಾಣದು, ಫೋಟೋದಲ್ಲೂ ಬೀಳದು. ಆದ್ದರಿಂದಲೇ ಇರಬೇಕು, ಎಲ್ಲರೂ ತಮ್ಮ ಸಾಲು ಬಹಳ ಚೆನ್ನಾಗಿದೆ ಎಂದು ತಿಳಿದು ತಲೆಯೆತ್ತಿ ನಡೆಯುತ್ತಾರೆ.

ನಾನೂ ಹಾಗೆಯೇ ನಡೆದವನು. ಹೆಸರು ಚಲಪತಿ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ್ದೇನೆ. ದಿನಕ್ಕೆ ಎರಡು ಹೊತ್ತು ದೇವರ ಪೂಜೆ ಮಾಡುತ್ತೇನೆ. ನನ್ನ ತಲೆಯ ಮೇಲೆ ಇಪ್ಪತ್ತು ವರ್ಷ ‘ಶ್ರೀಚರಣಾರವಿಂದಮಕರಂದಪಿಪಾಸು’ ಎಂಬ ಸಾಲು ಇತ್ತು. ಭಗವಂತನ ಪಾದಕಮಲದ ಜೇನಿಗಾಗಿ ಬಾಯಾರಿದವನು ಎಂದು ಅರ್ಥ. ಆ ಸಾಲನ್ನು ಪೂರ್ತಿ ಓದಿದವರು ಊರಿನಲ್ಲಿ ನಾಲ್ಕು ಜನ ಇರಬಹುದು, ಅರ್ಥ ಕೇಳಿದವರು ಒಬ್ಬರೂ ಇಲ್ಲ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ನನ್ನ ಹೆಂಡತಿ ಅಲಮೇಲು. ನಮಗೆ ಮಕ್ಕಳಿಲ್ಲ. ಅವಳ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗೆ ಇರುತ್ತಿತ್ತು. ಮದುವೆಯಾದಾಗಿನಿಂದ ಅವಳ ತಲೆಯ ಮೇಲೆ ಕನ್ನಡದಲ್ಲಿಯೇ ಏನಾದರೊಂದು ಸಾಲು ಇರುತ್ತಿತ್ತು. ಒಂದು ದಿನ ಸಾಲುಮನೆಗೆ ಹೋದವಳು ಇಂಗ್ಲಿಷ್ ಅಕ್ಷರ ಹೊತ್ತುಕೊಂಡು ಬಂದಳು. ಭಾಷೆ ಕನ್ನಡವೇ, ವೇಷ ಮಾತ್ರ ಪರದೇಶದ್ದು. ತುಳಸಿಕಟ್ಟೆಗೆ ಕೋಟು ತೊಡಿಸಿದ ಹಾಗೆ ಕಂಡಿತು ನನಗೆ.

“ಇದೇನು ಅಲಮೇಲು, ಕಾಲೇಜು ಹುಡುಗಿಯರ ಸಹವಾಸ ಜಾಸ್ತಿಯಾಯಿತೇ?” ಎಂದೆ.

“ಅನುಕೂಲಕ್ಕೆ ಕಣ್ರೀ” ಎಂದಳು.

“ಯಾರ ಅನುಕೂಲಕ್ಕೆ?”

“ಓದೋರ ಅನುಕೂಲಕ್ಕೆ. ನೀವು ಓದಿದ್ರಾ?”

ನಾನು ಓದಲಿಲ್ಲ. ಆ ಅಕ್ಷರ ಇಳಿಯುವವರೆಗೂ ಅವಳ ಹುಬ್ಬಿನಿಂದ ಮೇಲೆ ನೋಡುವುದಿಲ್ಲವೆಂದು ದೇವರ ಮುಂದೆ ಸಂಕಲ್ಪ ಮಾಡಿದೆ. ಕನ್ನಡದ ಮೇಷ್ಟರ ಹೆಂಡತಿ ಹೀಗೆ ಓಡಾಡಿದರೆ ಊರಿನವರಿಗೆ ನಾನು ಯಾವ ಮುಖ ತೋರಿಸಲಿ? ಆರು ವರ್ಷ ಆ ಸಂಕಲ್ಪವನ್ನು ಒಂದು ದಿನವೂ ತಪ್ಪದೆ ನಡೆಸಿದೆ. ನನ್ನ ಏಕಾದಶಿ ಉಪವಾಸಗಳೂ ಅಷ್ಟು ಕಟ್ಟುನಿಟ್ಟಾಗಿ ನಡೆದದ್ದಿಲ್ಲ. ಊಟ ಬಡಿಸುವಾಗ ಎಲೆ ನೋಡಿದೆ, ಮಾತನಾಡುವಾಗ ಮೂಗುಬೊಟ್ಟು ನೋಡಿದೆ. ಅವಳು ಹೋಗುವ ದಿನ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವಳ ಕೈ ನೋಡುತ್ತಿದ್ದೆ. ಮೇಲೆ ನೋಡಲಿಲ್ಲ. ಅಂಥ ನಿಷ್ಠಾವಂತ ನಾನು.

ಸತ್ತವರ ಸಾಲು ತಲೆ ಬಿಟ್ಟು ಮನೆಗೆ ಬರುತ್ತದೆ. ಬೀದಿ ಬಾಗಿಲಿನ ಮೇಲೆ, ಹೊರಗಡೆಯಿಂದ ಕಾಣುವ ಹಾಗೆ, ಒಂದು ವರ್ಷ ನಿಂತಿರುತ್ತದೆ. ವರ್ಷಾಬ್ದಿಕದ ದಿನ ಬೆಳಿಗ್ಗೆ ಅದು ತಾನಾಗಿಯೇ ಅಳಿಯುತ್ತದೆ. ಅಷ್ಟರೊಳಗೆ ಮನೆಯ ಹಿರಿಯರು ತಮ್ಮ ಕೈಯಿಂದ ಸತ್ತವರ ಹೆಸರಿನಲ್ಲಿ ಒಂದು ಸಾಲು ಒತ್ತಿ ಬಂದಿರಬೇಕು. ಹಳೆಯದನ್ನೇ ಒತ್ತಬಹುದು, ಹೊಸದನ್ನೂ ಒತ್ತಬಹುದು. ಒತ್ತಿದ ಮೇಲೆ ತಿದ್ದುವ ಹಾಗಿಲ್ಲ. ಅಂದು ಸೂರ್ಯ ಮುಳುಗುವುದರೊಳಗೆ ಹೊರಗಿನ ಹತ್ತು ಜನ ಆ ಸಾಲನ್ನು ಓದಿದರೆ ಅದು ಆ ಬಾಗಿಲಿನ ಮೇಲೆ ಎಂದೆಂದಿಗೂ ನಿಲ್ಲುತ್ತದೆ. ಹತ್ತು ಆಗದಿದ್ದರೆ ಉದುರುತ್ತದೆ. ಓದುವುದೆಂದರೆ ಕಣ್ಣಿನಿಂದ ಓದುವುದು. ಯಾರೋ ಹೇಳಿಕೊಟ್ಟದ್ದನ್ನು ಗಿಣಿಯಂತೆ ಒಪ್ಪಿಸಿದರೆ ನಡೆಯದು. ನಿಜವಾಗಿ ಓದಿದಾಗ ಸಾಲು ಒಮ್ಮೆ ಮಿನುಗುತ್ತದೆ, ಮೋಸ ಮಾಡುವುದಕ್ಕೆ ಆಗುವುದಿಲ್ಲ.

ಆ ವರ್ಷವೆಲ್ಲ ನಾನು ಹೆಚ್ಚಾಗಿ ದೇವರ ಮನೆಯಲ್ಲಿಯೇ ಇದ್ದೆ. ಯಾರು ಯಾರೋ ಬಾಗಿಲು ತಟ್ಟದೆ ನಡುಮನೆಗೆ ಬಂದು ಹೋಗುವ ಸದ್ದು ಕೇಳುತ್ತಿತ್ತು. ಹೂವು ಮಾರುವ ಸೆಲ್ವಿ, ಕುಕ್ಕರ್ ರಿಪೇರಿಯ ಬಾಬಾಜಾನ್, ನರ್ಸಿಂಗ್ ಹೋಮಿನ ಲಿಸ್ಸಿ, ಇನ್ನೂ ಎಷ್ಟೋ ಜನ. ಅಲಮೇಲು ಇದ್ದಾಗಲೂ ಮಧ್ಯಾಹ್ನದ ಬಿಸಿಲಿಗೆ ಅವರು ಹೀಗೆಯೇ ಒಳಗೆ ಬಂದು, ಬುಟ್ಟಿ ಚೀಲ ಇಳಿಸಿ, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಈಗ ಅವಳ ಫೋಟೋದ ಮುಂದೆ ಒಂದು ಗಳಿಗೆ ಕುಳಿತು ಏಳುತ್ತಿದ್ದರು. ಒಳಗೆ ದುಃಖದಲ್ಲಿರುವ ಮನುಷ್ಯನಿದ್ದಾನೆ ಎಂಬ ಸೂಕ್ಷ್ಮ ಈ ಜನಕ್ಕೆ ಇಲ್ಲವಲ್ಲ ಎಂದು ನಾನು ಗಂಟೆಯನ್ನು ಇನ್ನೂ ಜೋರಾಗಿ ಬಾರಿಸುತ್ತಿದ್ದೆ.

ವರ್ಷಾಬ್ದಿಕದ ಹಿಂದಿನ ದಿನ ಸಾಲುಮನೆಗೆ ಹೊರಟೆ. ಹೊರಡುವಾಗ ಬಾಗಿಲಿನಲ್ಲಿ ನಿಂತು ಮೊದಲ ಸಲ ಅವಳ ಸಾಲನ್ನು ಓದಿದೆ. ಏಳು ವರ್ಷವಾಗಿತ್ತು. baglu tegde ide banni. ಬಾಗ್ಲು ತೆಗ್ದೇ ಇದೆ, ಬನ್ನಿ. ಅವಳ ದನಿಯೇ ಕೇಳಿದಂತಾಯಿತು. ಕಣ್ಣು ಒರೆಸಿಕೊಂಡೆ. ಒರೆಸಿಕೊಂಡ ಮೇಲೆ ನನ್ನೊಳಗಿನ ಮೇಷ್ಟರು ಎದ್ದು ಕುಳಿತರು. ಎಂಥ ಒಳ್ಳೆಯ ಭಾವ, ಎಂಥ ಅನಾಥ ಸ್ಥಿತಿ! ಇದಕ್ಕೆ ಶುದ್ಧವಾದ ಕನ್ನಡ ಉಡಿಸಿ, ನಾಲ್ಕು ಜನ ಮೆಚ್ಚುವಂತೆ ಮಾಡಿ ನಿಲ್ಲಿಸುವುದೇ ಅವಳಿಗೆ ನಾನು ಮಾಡುವ ಶ್ರಾದ್ಧ ಎಂದುಕೊಂಡೆ.

ಸಾಲುಮನೆಯ ಗುಮಾಸ್ತ ಹೊನ್ನೇಶ ನನ್ನ ಹಳೆಯ ಶಿಷ್ಯ. “ಬನ್ನಿ ಸಾರ್. ಅಮ್ಮನವರದಾ? ಯಾವ ಕೀಲಿಮಣೆ ಕೊಡ್ಲಿ?” ಎಂದ.

“ಎಷ್ಟು ಇವೆ?”

“ಮೂರು. ಒಂದರಲ್ಲಿ ಕನ್ನಡ ಅಕ್ಷರಾನೇ ಇರ್ತವೆ, ಹುಡುಕಿ ಹುಡುಕಿ ಒತ್ತಬೇಕು. ಇನ್ನೊಂದರಲ್ಲಿ ಇಂಗ್ಲಿಷ್ ಒತ್ತಿದ್ರೆ ಕನ್ನಡ ಮೂಡುತ್ತೆ. ಮೂರನೇದರಲ್ಲಿ ಇಂಗ್ಲಿಷ್ ಒತ್ತಿದ್ರೆ ಇಂಗ್ಲಿಷೇ ಮೂಡುತ್ತೆ. ಊರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮೂರನೇದೇ.”

“ಯಾಕೆ? ಕನ್ನಡ ಅಷ್ಟು ಕಷ್ಟವೇ?”

“ಜಾಗ ಜಾಸ್ತಿ ತಿನ್ನುತ್ತೆ ಅಂತಾರೆ ಸಾರ್. ಮೂವತ್ತೇ ಮನೆ ಕೊಡೋದು ಇಲ್ಲಿ, ಒಂದೊಂದು ಗುರುತಿಗೂ ಒಂದೊಂದು ಮನೆ. ಒತ್ತಕ್ಷರ ಬಂದ್ರೆ ಕಣ್ಣಿಗೆ ಒಂದೇ ಅಕ್ಷರ, ಲೆಕ್ಕಕ್ಕೆ ಮೂರು. ಸ್ತ್ರೀ ಅಂತ ಒತ್ತಿ ನೋಡಿ, ಆರು ಮನೆ ಹೋಗುತ್ತೆ. ಇಂಗ್ಲಿಷಲ್ಲಿ ನಾಲ್ಕೇ.” ಅವನು ನಕ್ಕ. “ಆದ್ರೆ ಅದು ನೆಪ. ‘ಮನೆ’ ಅನ್ನೋ ಪದ ಕನ್ನಡದಲ್ಲಿ ಮೂರೇ, ಇಂಗ್ಲಿಷಲ್ಲಿ ನಾಲ್ಕು. ನಿಜ ಹೇಳ್ಬೇಕಂದ್ರೆ ಕನ್ನಡ ಅಕ್ಷರ ಹಾಕ್ಕೊಂಡ್ರೆ ಲಗ್ನಪತ್ರಿಕೆ ಹೊತ್ಕೊಂಡು ತಿರುಗಿದ ಹಾಗಿರುತ್ತೆ ಅಂತಾರೆ ಹುಡುಗ್ರು. ಅದರಲ್ಲಿ ಬರೆಯೋಕೆ ಕೂತ್ರೆ ಕೈ ಕಟ್ಟಿ ನಿಂತ್ಕೊಂಡ ಹಾಗೆ ಆಗುತ್ತಂತೆ. ಇಂಗ್ಲಿಷ್ ಅಕ್ಷರದಲ್ಲಾದ್ರೆ ಮಾತಾಡಿದ ಹಾಗೇ ಬರೀಬಹುದಂತೆ.”

“ಕನ್ನಡ ಅಕ್ಷರದ ಮುಂದೆ ಕೈ ಕಟ್ಟಿ ನಿಲ್ಲಲೇಬೇಕು” ಎಂದೆ ನಾನು.

“ಹಾಗಾದ್ರೆ ಒಂದು ಮಾತು ಹೇಳ್ಲಾ ಸಾರ್? ಅಮ್ಮನವರು ಹೇಳಿದ ಹಾಗೇ ಕನ್ನಡದಲ್ಲೇ ಒತ್ಬಹುದು. ಬಾಗ್ಲು ತೆಗ್ದೇ ಇದೆ ಬನ್ನಿ. ಇಪ್ಪತ್ಮೂರು ಮನೆ. ತೆಗ್ದೇ ಅನ್ನೋದು ಇಂಗ್ಲಿಷಲ್ಲಿ ಎಳೀಬೇಕೋ ಬೇಡ್ವೋ ಗೊತ್ತಾಗಲ್ಲ. ನಮ್ಮ ಅಕ್ಷರದಲ್ಲಿ ಅವರು ಎಳೆದಷ್ಟೇ ಎಳೆಯುತ್ತೆ.”

ಶಿಷ್ಯ ಬುದ್ಧಿವಂತನಾಗಿ ಬೆಳೆದಿದ್ದ. ನನಗದು ಹಿಡಿಸಲಿಲ್ಲ. “ಬಾಗ್ಲು ಎಂಬುದು ಯಾವ ನಿಘಂಟಿನಲ್ಲಿದೆ?” ಎಂದು ಕೇಳಿ, ಮೊದಲನೆಯ ಕೀಲಿಮಣೆ ತೆಗೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: ಬಾಗಿಲು ತೆರೆದಿದೆ, ದಯಮಾಡಿಸಿ. ಇಪ್ಪತ್ತೈದು ಮನೆ. ಹೊನ್ನೇಶ ಅದನ್ನು ನೋಡಿ, “ಚೆನ್ನಾಗಿದೆ ಸಾರ್. ಪರೀಕ್ಷೆಗೆ ಬಂದಿದ್ರೆ ಪೂರ್ತಿ ಅಂಕ” ಎಂದ.

ಹತ್ತು ಜನ ಓದುಗರ ಯೋಚನೆ ನನಗಿರಲಿಲ್ಲ. ನಮ್ಮ ಊರಿನಲ್ಲಿ ಲಿಪಿ ಸಂರಕ್ಷಣಾ ಸಭೆ ಎಂಬ ಸಂಸ್ಥೆಯಿದೆ. ಎಂಟು ಜನ ಸದಸ್ಯರು, ಎಂಟು ಶಾಲು. ಅಧ್ಯಕ್ಷ ಗಂಗಣ್ಣನವರು ಮಾತು ಕೊಟ್ಟಿದ್ದರು, “ಮೇಷ್ಟ್ರೇ, ಅಮ್ಮನವರನ್ನು ಕನ್ನಡಕ್ಕೆ ವಾಪಸ್ ತಂದಿದ್ದೀರಿ. ಇಡೀ ಸಭೆ ಬಂದು ಬಾಗಿಲಲ್ಲಿ ನಿಂತು ಓದುತ್ತೆ.”

ಮಾರನೆಯ ದಿನ ಬೆಳಿಗ್ಗೆ ಹಳೆಯ ಸಾಲು ಅಳಿದು ಹೊಸದು ಬಂದಿತು. ದುಂಡು ದುಂಡಾಗಿ, ತೋರಣದ ಮೇಲೆ, ಬಹಳ ಗಂಭೀರವಾಗಿ ನಿಂತಿತ್ತು. ಪುರೋಹಿತರು ಓದಿದರು, ಮಿನುಗಿತು. ಶ್ರಾದ್ಧಕ್ಕೆ ಕರೆದಿದ್ದ ಇಬ್ಬರು ಓದಿದರು. ಎದುರು ಮನೆಯ ಗಂಡ ಹೆಂಡತಿ ಓದಿದರು. ಹೊನ್ನೇಶ ಬಂದು ಓದಿ ಹೋದ. ಆರು ಆಯಿತು. ಹನ್ನೊಂದು ಗಂಟೆಗೆ ಬರಬೇಕಾದ ಸಭೆ ಬರಲಿಲ್ಲ. ಹನ್ನೆರಡಕ್ಕೆ ಫೋನಿಗೆ ಸಂದೇಶ ಬಂದಿತು. ಪಕ್ಕದ ಊರಿನಲ್ಲಿ ಸಭೆಗೆ ಸನ್ಮಾನವಂತೆ. ಕನ್ನಡದ ಎಂಟು ಜನ ಓದುಗರು ಶಾಲು ಹೊದೆಸಿಕೊಳ್ಳಲು ಹೋಗಿದ್ದರು.

ಪಿಂಡಪ್ರದಾನ ಮುಗಿಸಿ ಹೊರಗೆ ಬಂದಾಗ ಬೀದಿಯಲ್ಲಿ ಹದಿನೈದು ಇಪ್ಪತ್ತು ಜನ ನಿಂತಿದ್ದರು. ಮುಂದೆ ಸೆಲ್ವಿ, ತಲೆಯ ಮೇಲೆ ಬುಟ್ಟಿ. ಹಿಂದೆ ಬಾಬಾಜಾನ್, ಲಿಸ್ಸಿ. ಬಿಸಿಲು ಸುಡುತ್ತಿತ್ತು. ಬಾಗಿಲು ತೆರೆದೇ ಇತ್ತು. ಒಬ್ಬರೂ ಒಳಗೆ ಬಂದಿರಲಿಲ್ಲ.

“ಯಾಕೆ ಇಲ್ಲಿ ನಿಂತಿದ್ದೀರಿ?” ಎಂದೆ.

ಸೆಲ್ವಿ ಮೇಲೆ ನೋಡಿದಳು. “ಅಕ್ಕನ ಸಾಲು ಇಲ್ವಲ್ಲ ಮೇಷ್ಟ್ರೇ. ಬೇರೆ ಏನೋ ಹಾಕಿದೀರಾ. ಒಳಗೆ ಬರಬೇಡಿ ಅಂತ ಇದ್ರೆ?”

“ಕನ್ನಡದಲ್ಲಿಯೇ ಇದೆಯಲ್ಲಮ್ಮ.”

“ಕನ್ನಡ ನಮಗೆ ಬಾಯಿಗೆ ಬರುತ್ತೆ, ಕಣ್ಣಿಗೆ ಬರಲ್ಲ” ಎಂದಳು. “ನಾನು ಮೂರು ಕ್ಲಾಸು ತಮಿಳು ಓದಿದ್ದು. ಎ ಬಿ ಸಿ ಡಿ ಬಸ್ ಬೋರ್ಡಲ್ಲಿ, ಫೋನಲ್ಲಿ ನೋಡಿ ನೋಡಿ ಬಂತು. ಬಾಬಾಜಾನಣ್ಣ ಉರ್ದು ಸ್ಕೂಲು. ಲಿಸ್ಸಿ ಸಿಸ್ಟರ್ ಕೇರಳ. ಎಲ್ಲರೂ ಫೋನಲ್ಲಿ ಕನ್ನಡ ಬರೆಯೋದು ಎ ಬಿ ಸಿ ಡಿಲೇ. ಅಕ್ಕಂಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಮುಂಚೆ ಅಕ್ಕನ ತಲೆ ಮೇಲೂ ಹೀಗೇ ಜಾಂಗೀರು ಥರ ಇತ್ತು. ಒಂದಿನ ಬಿಸಿಲಲ್ಲಿ ಹೂವು ಕೊಡೋಕೆ ಬಂದು ಮೆಟ್ಲಲ್ಲೇ ನಿಂತಿದ್ದೆ. ‘ಸೆಲ್ವಿ, ಒಳಗೆ ಬಾ ಅಂತ ಇಷ್ಟು ದೊಡ್ಡದಾಗಿ ಬರ್ಕೊಂಡಿದೀನಿ, ಕಾಣಲ್ವೇನೇ’ ಅಂದ್ರು. ನಂಗೆ ಓದೋಕೆ ಬರಲ್ಲಕ್ಕಾ ಅಂದೆ. ಸಾಯಂಕಾಲ ನೋಡಿದ್ರೆ ಬದಲಾಗಿತ್ತು.”

ಆರು ವರ್ಷ ನಾನು ಮೂಗುಬೊಟ್ಟು ನೋಡುತ್ತ ಕಾಪಾಡಿದ ಭಾಷೆ ಯಾವುದು ಎಂದು ಆ ಬಿಸಿಲಿನಲ್ಲಿ ನಿಂತು ಯೋಚಿಸಿದೆ. ಹೆಚ್ಚು ಹೊತ್ತು ಯೋಚಿಸಲು ಬಿಡುವಿರಲಿಲ್ಲ. ಆರು ಜನ ಓದಿದ್ದರು, ಇನ್ನೂ ನಾಲ್ಕು ಬೇಕಾಗಿತ್ತು. ಬೀದಿಯ ಉಳಿದ ಮನೆಗಳಿಗೆ ಬೀಗ ಬಿದ್ದಿತ್ತು, ಕೆಲಸಕ್ಕೆ ಹೋದವರು ಬರುವುದು ಕತ್ತಲಾದ ಮೇಲೆ.

“ಇದರಲ್ಲಿಯೂ ಅದೇ ಇರುವುದು. ಬಾಗಿಲು ತೆರೆದಿದೆ, ದಯಮಾಡಿಸಿ” ಎಂದೆ. ಎಲ್ಲರೂ ಒಟ್ಟಾಗಿ ಹೇಳಿದರು. ಸಾಲು ಅಲುಗಲಿಲ್ಲ.

ಕೊನೆಗೆ ಒಳಗಿನಿಂದ ರಂಗೋಲಿ ಹಿಟ್ಟಿನ ಡಬ್ಬಿ ತಂದು ಮೆಟ್ಟಿಲ ಮೇಲೆ ಕುಳಿತೆ. ಅಲಮೇಲುವಿನ ಡಬ್ಬಿ. ನಿವೃತ್ತನಾದ ಮೇಲೆ ಮೊದಲ ಪಾಠ. “ಇದು ಬ. ಪಕ್ಕದಲ್ಲಿ ಇಳಿ ಕೊಟ್ಟರೆ ಬಾ. ಇದು ಗ, ತಲೆಗೆ ಗುಡಿಸು ಕೊಟ್ಟರೆ ಗಿ. ಇದು ಲ, ಕೊಂಬು ಸೇರಿದರೆ ಲು.” ಹಿಂದಿನವರಿಗೆ ಕಾಣದೆ ಅವರು ಮುಂದಿನವರ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಸೆಲ್ವಿಯ ಬೆರಳು ಹೂವು ಕಟ್ಟಿ ಪಳಗಿದ್ದು, ಹಿಟ್ಟಿನ ಮೇಲೆ ಬೇಗ ಓಡಿತು. “ಎಲ್ಲಿ ನೋಡಿದ್ರೂ ಈ ಕೊಂಬು ಉ ಅಂತಾನೇ ಹೇಳುತ್ತಾ?” ಎಂದು ಕೇಳಿದಳು. “ಎಲ್ಲಿ ನೋಡಿದರೂ” ಎಂದೆ. “ಪರವಾಗಿಲ್ಲ, ನಿಯತ್ತಿನ ಅಕ್ಷರ. ಎ ಬಿ ಸಿ ಡಿ ಹಾಗಲ್ಲ, ಆಳು ನೋಡಿ ಮಾತಾಡುತ್ತೆ.”

ಮೂರೂವರೆಗೆ ಸೆಲ್ವಿ ಎದ್ದು ನಿಂತು, ಒಂದೊಂದು ಅಕ್ಷರಕ್ಕೂ ಬೆರಳೆತ್ತಿ, ಪೂರ್ತಿ ಓದಿದಳು. ಸಾಲು ಮಿನುಗಿತು. ಐದಕ್ಕೆ ಲಿಸ್ಸಿ ಓದಿದಳು. ಬಾಬಾಜಾನ್ ‘ತೆರೆದಿದೆ’ಯ ಎತ್ವಗಳಲ್ಲಿ ಬಹಳ ಹೊತ್ತು ಸಿಕ್ಕಿಕೊಂಡು, ಆರರ ಹೊತ್ತಿಗೆ ಕೊನೆಯ ಮಾತಿಗೆ ಬಂದ. “ದಯ... ಮಾಡಿಸಿ. ಏನು ಮಾಡಿಸ್ಬೇಕು ಸಾರ್? ಯಾರ ಹತ್ರ?”

“ಹಾಗಲ್ಲಪ್ಪ. ಒಳಗೆ ಬನ್ನಿ ಎಂದು ಅರ್ಥ.”

“ಹಂಗಾದ್ರೆ ಬನ್ನಿ ಅಂತಾನೇ ಹಾಕ್ಬಾರ್ದಾ? ಎರಡಕ್ಷರ. ನನ್ನ ಒಂದು ಗಂಟೆ ಉಳೀತಿತ್ತು” ಎಂದು ಗೊಣಗುತ್ತ ಮತ್ತೆ ಮೊದಲಿನಿಂದ ಓದಿದ. ಮಿನುಗಿತು. ಒಂಬತ್ತು.

ಉಳಿದವರಲ್ಲಿ ಅರ್ಧದಷ್ಟು ಜನ ಕೆಲಸಕ್ಕೆ ಹೊರಟುಹೋಗಿದ್ದರು. ಇದ್ದವರು ಇನ್ನೂ ಮೊದಲನೆಯ ಪದದಲ್ಲಿದ್ದರು. ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಇಳಿಯುತ್ತಿದ್ದ. ಆಗ ಆಟೋ ಬಂದು ನಿಂತಿತು. ಗಂಗಣ್ಣನವರು ಒಬ್ಬರೇ ಇಳಿದರು, ಹೊಸ ಶಾಲು, ಕೈಯಲ್ಲಿ ಗಂಧದ ಹಾರ. ನನ್ನ ಕುಲದೇವರೇ ಇಳಿದು ಬಂದ ಹಾಗಾಯಿತು.

“ಗಂಗಣ್ಣನವರೇ, ಮೊದಲು ಸಾಲು ಓದಿಬಿಡಿ. ಹೊತ್ತು ಮುಳುಗುತ್ತಿದೆ.”

“ಆಹಾ” ಎಂದರು ಅವರು ಮೇಲೆ ನೋಡಿ. “ಏನು ದುಂಡು, ಏನು ಕಳೆ. ಕನ್ನಡ ಅಕ್ಷರ ಬಾಗಿಲ ಮೇಲಿದ್ದರೆ ಮನೆಗೇ ಒಂದು ಲಕ್ಷಣ ಬರುತ್ತೆ ಮೇಷ್ಟ್ರೇ.”

“ಓದಿ.”

“ಓದೋದೇನು ಬಂತು? ಕನ್ನಡದಲ್ಲಿದೆ ಅಂದ ಮೇಲೆ ಮುಗೀತು. ಕನ್ನಡಕ ಸನ್ಮಾನದಲ್ಲಿ ಬಿಟ್ಟು ಬಂದೆ. ಇರಿ, ಒಂದು ಫೋಟೋ.” ಸಾಲು ಫೋಟೋದಲ್ಲಿ ಬೀಳುವುದಿಲ್ಲವೆಂದು ಊರಿಗೇ ಗೊತ್ತು. ಆದರೂ ಬಾಗಿಲ ಕೆಳಗೆ ನಿಂತು, ಶಾಲು ಸರಿಮಾಡಿಕೊಂಡು, ತಮ್ಮ ಚಿತ್ರ ತಾವೇ ತೆಗೆದುಕೊಂಡರು. ಖಾಲಿ ಗೋಡೆ, ನಡುವೆ ಗಂಗಣ್ಣನವರು. ಅದರ ಕೆಳಗೆ ಹಾಕಲು ಚುರುಕಾಗಿ ಬೆರಳಾಡಿಸಿದರು. ನಾನು ಇಣುಕಿದೆ. namma lipi namma hemme ಎಂದಿತ್ತು.

“ಇಂಗ್ಲಿಷ್ ಅಕ್ಷರವೇ?” ಎಂದೆ.

“ಬೇಗ ಆಗುತ್ತೆ ನೋಡಿ” ಎಂದರು.

ಸೂರ್ಯ ಮುಳುಗಿದ. ಮೊದಲು ಕೊಂಬುಗಳು ಉದುರಿದವು, ಆಮೇಲೆ ಗುಡಿಸುಗಳು, ಆಮೇಲೆ ಅಕ್ಷರಗಳು ಒಂದೊಂದಾಗಿ. ಸದ್ದಿಲ್ಲ. ಹೊಸ್ತಿಲ ಮೇಲೆ ರಂಗೋಲಿ ಹಿಟ್ಟು ಚೆಲ್ಲಿದ ಹಾಗೆ ಒಂದು ಗಳಿಗೆ ಕಂಡು, ಇಲ್ಲವಾಯಿತು. ಸೆಲ್ವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಗಣ್ಣನವರು ಹಾರವನ್ನು ಯಾರಿಗೆ ಹಾಕುವುದೆಂದು ಸುತ್ತ ನೋಡಿ, ಕೊನೆಗೆ ನನಗೆ ಹಾಕಿ ಹೋದರು.

ಹೆಂಡತಿಯನ್ನು ಆಸ್ಪತ್ರೆ ಕೊಂದಿತು ಎಂದು ವರ್ಷವೆಲ್ಲ ದೇವರ ಹತ್ತಿರ ದೂರಿದ್ದೆ. ಅವಳ ಸಾಲನ್ನು ಕೊಂದವರು ಯಾರೆಂದು ದೂರಲು ಆ ದಿನ ದೇವರ ಮನೆಗೆ ಹೋಗಲಿಲ್ಲ. ಕಮಲಪಾದದ ಜೇನಿಗೆ ಬಾಯಾರಿದವನು ಮೆಟ್ಟಿಲ ಮೇಲೆಯೇ ಕುಳಿತಿದ್ದ. ಸೆಲ್ವಿ ಒಳಗೆ ಹೋಗಿ ನೀರು ತಂದು ಕೊಟ್ಟಳು.

ಮಾರನೆಯ ದಿನ ಸಾಲುಮನೆ ತೆರೆಯುವುದಕ್ಕೆ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಹೊನ್ನೇಶ ಬೀಗ ತೆಗೆಯುತ್ತ, “ಸತ್ತವರ ಸಾಲು ಎರಡನೇ ಸಲ ಆಗಲ್ಲ ಸಾರ್” ಎಂದ, ಮೆಲ್ಲಗೆ.

“ಬದುಕಿರುವವನದು.”

“ನಿಮ್ಮದಾ? ಮೊದಲನೇ ಕೀಲಿಮಣೆನಾ?”

“ಮೂರನೆಯದು ಕೊಡು.”

ಅವನು ನನ್ನ ಮುಖ ನೋಡಿ ಮೂರನೆಯದನ್ನು ಮುಂದಿಟ್ಟ. ನಾನು ಒತ್ತಿದೆ. ಮೊದಲ ಸಲ ಯಂತ್ರ ಜಾಣತನ ತೋರಿಸಿ ಅವಳ ಬಾಗಿಲನ್ನು ಇಂಗ್ಲಿಷಿನ ಯಾವುದೋ ಚೀಲವಾಗಿ ತಿದ್ದಿತು. “ಅದು ತಿದ್ದುತ್ತೆ ಸಾರ್, ನೀವು ಬಿಡಬೇಡಿ” ಎಂದ ಹೊನ್ನೇಶ. ತಿದ್ದುವವರ ಸ್ವಭಾವ ನನಗೆ ಗೊತ್ತಿತ್ತು. ಅಳಿಸಿ, ಮತ್ತೆ ಒತ್ತಿದೆ. ಇಪ್ಪತ್ತೊಂದು ಮನೆ. baglu tegde ide banni.

ಪೇಟೆ ಬೀದಿಯಲ್ಲಿ ಬರುವಾಗ ಜನ ನನ್ನ ತಲೆಯ ಮೇಲೆ ನೋಡಿದರು. ಇಪ್ಪತ್ತು ವರ್ಷದಲ್ಲಿ ಅಷ್ಟು ಜನ ಎಂದೂ ಓದಿರಲಿಲ್ಲ. ಸೊಪ್ಪಿನವನೊಬ್ಬ “ಬರ್ತೀನಿ ಸಾಮಿ, ಯಾವಾಗ?” ಎಂದು ಕೇಳಿದ. ಗಂಗಣ್ಣನವರು ಎದುರಿಗೆ ಸಿಕ್ಕಿ, ಕನ್ನಡಕ ಸರಿಮಾಡಿಕೊಂಡು, “ನೀವೂನಾ ಮೇಷ್ಟ್ರೇ?” ಎಂದರು. ಇದನ್ನಾದರೂ ಓದಿದರಲ್ಲ ಎಂದುಕೊಂಡು ಕೈಮುಗಿದು ಮುಂದೆ ಬಂದೆ.

ಈಗ ನಾಲ್ಕು ತಿಂಗಳಾಯಿತು. ಮಧ್ಯಾಹ್ನ ಪೂಜೆ ಬೇಗ ಮುಗಿಸಿ ಮೆಟ್ಟಿಲ ಮೇಲೆ ಬಂದು ಕುಳಿತುಕೊಳ್ಳುತ್ತೇನೆ. ಬಂದವರು ನನ್ನ ತಲೆಯ ಮೇಲೆ ಒಮ್ಮೆ ನೋಡಿ ಒಳಗೆ ಹೋಗುತ್ತಾರೆ. ಮಜ್ಜಿಗೆ ಅವರೇ ಬಗ್ಗಿಸಿಕೊಳ್ಳುತ್ತಾರೆ, ನಾನು ಮಾಡಿದ ಮಜ್ಜಿಗೆಗೆ ಉಪ್ಪು ಹೆಚ್ಚು ಎಂದು ಬೈಯುತ್ತಾರೆ. ಬಿಸಿಲಿಳಿದ ಮೇಲೆ ರಂಗೋಲಿ ಹಿಟ್ಟಿನಲ್ಲಿ ಪಾಠ ನಡೆಯುತ್ತದೆ. ಬಾಬಾಜಾನ್ ಒತ್ತಕ್ಷರಕ್ಕೆ ಬಂದಿದ್ದಾನೆ. ‘ದಯಮಾಡಿಸಿ’ಗಾಗಿ ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಆರು ವರ್ಷ ಎದುರಿಗಿದ್ದಾಗ ನಾನು ಕತ್ತೆತ್ತಿ ನೋಡದ ಸಾಲು ಈಗ ನಾನು ಕತ್ತೆತ್ತಿದರೂ ಕಾಣದ ಕಡೆ ಇದೆ. ಊರಿಗೆಲ್ಲ ಕಾಣುತ್ತದೆ, ನನಗೊಬ್ಬನಿಗೆ ಇಲ್ಲ. ಭಗವಂತನ ನ್ಯಾಯದಲ್ಲಿ ತಪ್ಪು ಹುಡುಕುವಷ್ಟು ಪಂಡಿತ ನಾನಲ್ಲ. ಸಂಜೆ ಸೆಲ್ವಿ ಬುಟ್ಟಿ ಎತ್ತಿಕೊಂಡು ಹೊರಡುವಾಗ ಮಾತ್ರ ದಿನವೂ ಕೇಳುತ್ತೇನೆ, “ಇದೆಯೇನಮ್ಮ?”

ಅವಳು ನನ್ನ ತಲೆಯ ಮೇಲೆ ನೋಡಿ, ಅಲಮೇಲು ಎಳೆಯುತ್ತಿದ್ದಷ್ಟೇ ಎಳೆದು ಹೇಳುತ್ತಾಳೆ, “ತೆಗ್ದೇ ಇದೆ, ಮೇಷ್ಟ್ರೇ.”